PMT ಸೂತ್ರದಿಂದ ತಿಂಗಳ ಕಂತು ಮತ್ತು ಒಟ್ಟು ಬಡ್ಡಿ: ನಿಮ್ಮ ಲೆಕ್ಕ ತಪ್ಪಿದ್ದು ಎಲ್ಲಿ

ಪ್ರಶ್ನೆ: ಎಕ್ಸೆಲ್ ಹಾಳೆಯ B1ರಲ್ಲಿ ಸಾಲದ ಅಸಲು 5,00,000, B2ರಲ್ಲಿ ವಾರ್ಷಿಕ ಬಡ್ಡಿ ದರ 9%, B3ರಲ್ಲಿ ಅವಧಿ 5 (ವರ್ಷ) ಹಾಕಿದ್ದೇನೆ. B5ರಲ್ಲಿ `=PMT(B2,B3*12,B1)` ಎಂದು ಬರೆದರೆ -45,257.10 ಬರುತ್ತಿದೆ. B6ರಲ್ಲಿ ಒಟ್ಟು ಬಡ್ಡಿಗೆ `=B5*B3*12-B1` ಕೊಟ್ಟರೆ ಮೈನಸ್ 32 ಲಕ್ಷ! ಕೈಲೆಕ್ಕದಲ್ಲಿ ಬಡ್ಡಿ 2,25,000 ಬರಬೇಕಲ್ಲವೇ? ಎಲ್ಲಿ ತಪ್ಪಾಗಿದೆ?

ಉತ್ತರ:

ಎರಡು ಸೆಲ್‌ಗಳನ್ನು ಹೀಗೆ ತಿದ್ದಿಕೊಳ್ಳಿ.

```
B5:  =PMT(B2/12, B3*12, -B1)
B6:  =B5*B3*12 - B1
```

B5ರಲ್ಲಿ 10,379.18 ಮತ್ತು B6ರಲ್ಲಿ 1,22,750.66 ಬರುತ್ತದೆ. ನಿಮ್ಮ ಸಾಲದ ತಿಂಗಳ ಕಂತು ಮತ್ತು ಐದು ವರ್ಷದ ಒಟ್ಟು ಬಡ್ಡಿ ಇವೇ. B6ರ ಸೂತ್ರವನ್ನು ನಾನು ಬದಲಿಸಿಲ್ಲ ಎಂಬುದನ್ನು ಗಮನಿಸಿ. ಅದು ಮೊದಲಿನಿಂದಲೂ ಸರಿಯಾಗಿಯೇ ಇತ್ತು, ಅದಕ್ಕೆ ಸಿಗುತ್ತಿದ್ದ ಕಂತು ಮಾತ್ರ ತಪ್ಪಾಗಿತ್ತು. B5ರಲ್ಲಿದ್ದ ದೋಷಗಳು ಎರಡು. ದರವನ್ನು ತಿಂಗಳಿಗೆ ಇಳಿಸಿರಲಿಲ್ಲ, ಮತ್ತು ಅಸಲಿನ ಮುಂದೆ ಮೈನಸ್ ಚಿಹ್ನೆ ಇರಲಿಲ್ಲ. ಇನ್ನು ಕೈಲೆಕ್ಕದ 2,25,000ದ ವಿಷಯ ಸ್ವಲ್ಪ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ದರ. PMTಗೆ ವರ್ಷ ಯಾವುದು, ತಿಂಗಳು ಯಾವುದು ಎಂಬುದು ತಿಳಿಯುವುದಿಲ್ಲ. ಅದಕ್ಕೆ ಗೊತ್ತಿರುವುದು ‘ಒಂದು ಕಂತಿನಿಂದ ಮುಂದಿನ ಕಂತಿನವರೆಗಿನ ಅವಧಿ’ ಮಾತ್ರ. ಮೊದಲ ಸ್ಥಾನದಲ್ಲಿ ಅಂತಹ ಒಂದು ಅವಧಿಗೆ ಬೀಳುವ ಬಡ್ಡಿ ದರವನ್ನೂ, ಎರಡನೆಯ ಸ್ಥಾನದಲ್ಲಿ ಅಂತಹ ಅವಧಿಗಳು ಎಷ್ಟು ಎಂಬುದನ್ನೂ ಅದು ನಿರೀಕ್ಷಿಸುತ್ತದೆ. ನೀವು ಎರಡನೆಯ ಸ್ಥಾನದಲ್ಲಿ 60 ಕೊಟ್ಟಿದ್ದೀರಿ, ಎಂದರೆ ಅರವತ್ತು ತಿಂಗಳು. ಆದರೆ ಮೊದಲ ಸ್ಥಾನದಲ್ಲಿ 9% ಅನ್ನು ಹಾಗೆಯೇ ಬಿಟ್ಟಿದ್ದೀರಿ. ಹೀಗಾಗಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂಬತ್ತರಂತೆ ಬಡ್ಡಿ ಎಂದು ಭಾವಿಸಿ PMT ಲೆಕ್ಕ ಮಾಡಿತು.

ನಿಮಗೆ ಬಂದ 45,257.10 ಎಂಬ ಸಂಖ್ಯೆಯನ್ನೇ ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಐದು ಲಕ್ಷದ 9% ಎಂದರೆ 45,000. ಆ ಕಂತಿನಲ್ಲಿ 45,000 ಮೊದಲ ತಿಂಗಳ ಬಡ್ಡಿಗೇ ಹೋಗುತ್ತಿತ್ತು, ಅಸಲಿಗೆ ಸೇರುತ್ತಿದ್ದದ್ದು ಉಳಿದ 257.10 ಮಾತ್ರ. ಸರಿಯಾದ ಸೂತ್ರದಲ್ಲಿ ತಿಂಗಳ ದರ 0.75%, ಮೊದಲ ತಿಂಗಳ ಬಡ್ಡಿ 3,750, ಆದ್ದರಿಂದ 10,379.18ರ ಕಂತಿನಲ್ಲಿ 6,629.18 ಅಸಲಿಗೆ ಸೇರುತ್ತದೆ.

ಇದೇ ಜಾಗದಲ್ಲಿ ಆಗುವ ಇನ್ನೂ ಮೂರು ತಪ್ಪುಗಳಿಗೆ ಅವುಗಳದೇ ಗುರುತುಗಳಿವೆ. ನಿಮ್ಮ ಅಂಕಿಗಳಲ್ಲೇ ಹೇಳುವುದಾದರೆ, ದರವನ್ನು 12ರಿಂದ ಭಾಗಿಸಿ ಅವಧಿಯನ್ನು 12ರಿಂದ ಗುಣಿಸಲು ಮರೆತರೆ, ಸಾಲವನ್ನು ಐದೇ ತಿಂಗಳಲ್ಲಿ ತೀರಿಸಬೇಕೆಂದು ಅರ್ಥವಾಗಿ ಕಂತು 1,02,261ರ ಆಸುಪಾಸಿಗೆ ಏರುತ್ತದೆ. B2ರಲ್ಲಿ ಶೇಕಡಾ ಚಿಹ್ನೆ ಇಲ್ಲದೆ ಬರೀ 9 ಎಂದು ದಾಖಲಾಗಿದ್ದರೆ ತಿಂಗಳ ದರ 75% ಆಗಿ ಕಂತು 3,75,000 ಎಂದು ಬರುತ್ತದೆ. ಕಂತು ಅಸಲಿನ ಮುಕ್ಕಾಲು ಪಾಲು ಆಗಿದೆ ಎಂದಾಗಲೇ B2 ಸೆಲ್ಲಿನ ಮೇಲೆ ಅನುಮಾನ ಪಡಬೇಕು. ಮೂರನೆಯದು ಹೆಚ್ಚು ಮೋಸಗೊಳಿಸುವಂಥದ್ದು. ಕೆಲವರು ದರ, ಅವಧಿ ಎರಡನ್ನೂ ವರ್ಷದಲ್ಲೇ ಇಟ್ಟು, ಬಂದ ಉತ್ತರವನ್ನು ಕೊನೆಗೆ 12ರಿಂದ ಭಾಗಿಸುತ್ತಾರೆ. ಅಂದರೆ `=PMT(B2,B3,-B1)/12`. ಇದು 10,712.19 ಕೊಡುತ್ತದೆ, ನೋಡಲು ನಂಬುವಂತೆಯೂ ಇರುತ್ತದೆ. ಆದರೆ ಇಲ್ಲಿ ವರ್ಷಕ್ಕೊಮ್ಮೆ, ವರ್ಷದ ಕೊನೆಯಲ್ಲಿ ಮಾತ್ರ ಹಣ ಕಟ್ಟುವ ಸಾಲದ ಕಂತನ್ನು ಹನ್ನೆರಡು ಭಾಗ ಮಾಡಿದಂತಾಗಿದೆ. ತಿಂಗಳು ತಿಂಗಳೂ ಅಸಲು ಕರಗುವುದರಿಂದ ಆಗುವ ಬಡ್ಡಿಯ ಉಳಿತಾಯ ಆ ಲೆಕ್ಕದಲ್ಲಿ ಸೇರಿಲ್ಲ. ತಿಂಗಳಿಗೆ 333ರ ವ್ಯತ್ಯಾಸ, ಅರವತ್ತು ತಿಂಗಳಿಗೆ ಇಪ್ಪತ್ತು ಸಾವಿರದಷ್ಟಾಗುತ್ತದೆ.

ಉತ್ತರ ಸರಿಯಿದೆಯೇ ಎಂದು ಸೂತ್ರವಿಲ್ಲದೆಯೂ ತಿಳಿಯುವ ಒಂದು ವಿಧಾನವನ್ನು ನಾನು ಯಾವಾಗಲೂ ಬಳಸುತ್ತೇನೆ. ಅಸಲನ್ನು ತಿಂಗಳುಗಳಿಂದ ಭಾಗಿಸಿದರೆ 8,333.33 ಬರುತ್ತದೆ. ಬಡ್ಡಿಯೇ ಇಲ್ಲದಿದ್ದರೆ ಕಂತು ಇಷ್ಟೇ ಇರುತ್ತಿತ್ತು, ಆದ್ದರಿಂದ ನಿಜವಾದ ಕಂತು ಇದಕ್ಕಿಂತ ಕಡಿಮೆ ಇರಲಾರದು. ಇದಕ್ಕೆ ಮೊದಲ ತಿಂಗಳ ಬಡ್ಡಿ 3,750 ಕೂಡಿಸಿದರೆ 12,083.33. ಬಡ್ಡಿ ತಿಂಗಳಿಂದ ತಿಂಗಳಿಗೆ ಇಳಿಯುವುದರಿಂದ ಕಂತು ಇದಕ್ಕಿಂತ ಹೆಚ್ಚಿರಲಾರದು. 10,379.18 ಈ ಎರಡರ ನಡುವೆ ಇದೆ, 45,257 ಇಲ್ಲ. ಆದರೆ 10,712 ಕೂಡ ಈ ಮಿತಿಯೊಳಗೇ ಇರುವುದರಿಂದ, ದೊಡ್ಡ ತಪ್ಪುಗಳನ್ನು ಹಿಡಿಯಲು ಮಾತ್ರ ಇದು ಸಾಕಾಗುತ್ತದೆ. ಕಂತು ಸರಿಯಾಗಿ 8,333.33 ಎಂದೇ ಬಂದು ಒಟ್ಟು ಬಡ್ಡಿ ಸೊನ್ನೆಯಾಗಿದ್ದರೆ ದರದ ಸೆಲ್ ಖಾಲಿ ಇದೆ ಎಂದರ್ಥ. ಖಾಲಿ ಸೆಲ್ಲನ್ನು PMT ಸೊನ್ನೆ ದರವೆಂದು ತಿಳಿದು ಯಾವ ದೂರೂ ಇಲ್ಲದೆ ಉತ್ತರ ಕೊಟ್ಟುಬಿಡುತ್ತದೆ.

ಮುಂದೆ ಚಿಹ್ನೆಯ ವಿಷಯ. ಇಂತಹ ಹಣಕಾಸಿನ ಸೂತ್ರಗಳಲ್ಲಿ ಕೈಗೆ ಬರುವ ಹಣ ಪ್ಲಸ್, ಕೈಯಿಂದ ಹೋಗುವ ಹಣ ಮೈನಸ್. ಸಾಲ ಪಡೆದಾಗ ಐದು ಲಕ್ಷ ನಿಮ್ಮ ಕೈಗೆ ಬಂದಿತು, ಕಂತುಗಳು ಹೊರಹೋಗುತ್ತವೆ. ಆದ್ದರಿಂದ ಅಸಲನ್ನು ಪ್ಲಸ್ ಆಗಿ ಕೊಟ್ಟರೆ ಕಂತು ಮೈನಸ್ ಆಗಿಯೇ ಬರಬೇಕು. ಎಕ್ಸೆಲ್ ಅದನ್ನು ಕೆಲವೊಮ್ಮೆ ಕೆಂಪು ಬಣ್ಣದಲ್ಲಿ ತೋರಿಸುವುದರಿಂದ ಏನೋ ದೋಷವಾಗಿದೆ ಎಂದು ಅನ್ನಿಸುತ್ತದೆ, ಆದರೆ ಅದು ದೋಷವಲ್ಲ. ತೊಂದರೆ ಆಗುವುದು ಆ ಮೈನಸ್ ಕಂತನ್ನು ಮುಂದಿನ ಸೂತ್ರಕ್ಕೆ ಒಯ್ದಾಗ. ನಿಮ್ಮ B6ರಲ್ಲಿ ಮೈನಸ್ 27 ಲಕ್ಷದ ಮೊತ್ತದಿಂದ ಮತ್ತೆ 5 ಲಕ್ಷ ಕಳೆಯಲ್ಪಟ್ಟು ಮೈನಸ್ 32 ಲಕ್ಷವಾಯಿತು. ದರವನ್ನು ಸರಿಪಡಿಸಿ ಚಿಹ್ನೆಯನ್ನು ಹಾಗೆಯೇ ಬಿಟ್ಟಿದ್ದರೂ ಬಡ್ಡಿ -11,22,750.66 ಎಂದು ಬರುತ್ತಿತ್ತು. ಇದರಲ್ಲಿ ನಿಜವಾದ ಬಡ್ಡಿಯ ಜೊತೆಗೆ ಅಸಲು ಎರಡು ಬಾರಿ ಸೇರಿಕೊಂಡಿದೆ.

ಅಸಲಿನ ಮುಂದೆ ಮೈನಸ್ ಹಾಕುವುದೂ ಒಂದೇ, `=-PMT(B2/12,B3*12,B1)` ಎಂದು ಇಡೀ ಸೂತ್ರದ ಮುಂದೆ ಹಾಕುವುದೂ ಒಂದೇ. ಯಾವುದಾದರೂ ಒಂದನ್ನು ಆರಿಸಿಕೊಂಡು ಇಡೀ ಹಾಳೆಯಲ್ಲಿ ಅದನ್ನೇ ಉಳಿಸಿಕೊಳ್ಳಿ. ಮೈನಸ್ ಚಿಹ್ನೆಯನ್ನು ತೆಗೆದುಹಾಕುವ ABS ಸೂತ್ರವನ್ನು ಬಳಸುವ ಸಲಹೆಯನ್ನೂ ನೀವು ಓದಿರಬಹುದು. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಅಸಲಿನ ಸೆಲ್ಲಿನಲ್ಲಿ ಯಾರಾದರೂ ತಪ್ಪಾಗಿ ಮೈನಸ್ ಸಂಖ್ಯೆ ಬರೆದರೆ ಕಂತಿನಲ್ಲಿ ಕಾಣಬೇಕಾದ ಎಚ್ಚರಿಕೆಯನ್ನೇ ಅದು ಅಳಿಸಿಹಾಕುತ್ತದೆ.

ಈಗ ಒಟ್ಟು ಬಡ್ಡಿ ಮತ್ತು ನಿಮ್ಮ 2,25,000. ನೀವು ಅಸಲು, ದರ, ವರ್ಷಗಳನ್ನು ಗುಣಿಸಿದ್ದೀರಿ. ಐದು ವರ್ಷವೂ ನಿಮ್ಮ ಬಳಿ ಪೂರ್ತಿ ಐದು ಲಕ್ಷ ಸಾಲವಾಗಿ ಉಳಿದಿದ್ದರೆ ಆ ಲೆಕ್ಕ ಸರಿ. ಆದರೆ ಪ್ರತಿ ಕಂತಿನಲ್ಲೂ ಸ್ವಲ್ಪ ಅಸಲು ತೀರುತ್ತಾ ಹೋಗುತ್ತದೆ, ಮತ್ತು PMT ಲೆಕ್ಕದಲ್ಲಿ ಬಡ್ಡಿ ಬೀಳುವುದು ಆಯಾ ತಿಂಗಳು ಬಾಕಿ ಇರುವ ಅಸಲಿನ ಮೇಲೆ ಮಾತ್ರ. ಮೊದಲ ತಿಂಗಳು 3,750 ಬಡ್ಡಿ ಹೋಗಿ ಬಾಕಿ 4,93,370.82ಕ್ಕೆ ಇಳಿಯುತ್ತದೆ. ಎರಡನೆಯ ತಿಂಗಳು ಇದರ 0.75%, ಅಂದರೆ 3,700.28 ಬಡ್ಡಿ, ಕಂತಿನಲ್ಲಿ ಉಳಿದ 6,678.90 ಅಸಲಿಗೆ. ಮೂರನೆಯ ತಿಂಗಳು ಬಡ್ಡಿ 3,650.19. ಹೀಗೆ ಇಳಿಯುತ್ತಾ ಅರವತ್ತನೆಯ ಕಂತಿನಲ್ಲಿ ಬಡ್ಡಿಯ ಪಾಲು ಬರೀ 77.26. ಈ ಅರವತ್ತು ಬಡ್ಡಿಗಳನ್ನೂ ಕೂಡಿಸಿದರೆ ಬರುವುದೇ 1,22,750.66.

ಅರವತ್ತು ಸಾಲುಗಳ ಪಟ್ಟಿ ಮಾಡದೆಯೇ ಈ ಕೂಡುವಿಕೆಯನ್ನು ಮಾಡುವ ಸೂತ್ರವೂ ಇದೆ. B6ರ ಉತ್ತರವನ್ನು ತಾಳೆ ನೋಡಲು ಅದನ್ನು ಪಕ್ಕದ ಒಂದು ಸೆಲ್ಲಿನಲ್ಲಿ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ.

```
=-CUMIPMT(B2/12, B3*12, B1, 1, B3*12, 0)
```

ಇಲ್ಲಿ 1 ಮತ್ತು B3*12 ಎಂಬುವು ಎಷ್ಟನೆಯ ಕಂತಿನಿಂದ ಎಷ್ಟನೆಯ ಕಂತಿನವರೆಗೆ ಎಂಬುದನ್ನು ಹೇಳುತ್ತವೆ. ಕೊನೆಯ 0 ಎಂದರೆ ಕಂತನ್ನು ತಿಂಗಳ ಕೊನೆಯಲ್ಲಿ ಕಟ್ಟಲಾಗುತ್ತದೆ ಎಂದು. PMTಯಲ್ಲಿ ಈ ಕೊನೆಯ ಅಂಶವನ್ನು ಬಿಡಬಹುದು, ಇಲ್ಲಿ ಬಿಡುವಂತಿಲ್ಲ. ಇನ್ನೊಂದು ವ್ಯತ್ಯಾಸವೂ ಉಂಟು: CUMIPMT ಅಸಲನ್ನು ಪ್ಲಸ್ ಆಗಿಯೇ ಬಯಸುತ್ತದೆ. PMTಗೆ ಕೊಟ್ಟಂತೆ -B1 ಕೊಟ್ಟರೆ `#NUM!` ಎಂದು ಬರುತ್ತದೆ, ಆದ್ದರಿಂದ ಮೈನಸ್ ಚಿಹ್ನೆ ಸೂತ್ರದ ಹೊರಗೆ ಇರಬೇಕು. ಸೊನ್ನೆ ಬಡ್ಡಿಯ ಸಾಲಕ್ಕೂ ಅದು ಇದೇ ದೋಷ ತೋರಿಸುತ್ತದೆ. ಹೀಗಾಗಿ ನಿತ್ಯದ ಲೆಕ್ಕಕ್ಕೆ ಕಂತು ಗುಣಿಸಿ ಅಸಲು ಕಳೆಯುವ ನಿಮ್ಮ B6ರ ಸೂತ್ರವೇ ಉತ್ತಮ. CUMIPMT ನಿಜವಾಗಿ ಉಪಯೋಗಕ್ಕೆ ಬರುವುದು ಅವಧಿಯ ಒಂದು ಭಾಗದ ಬಡ್ಡಿ ಬೇಕಾದಾಗ. ಮೇಲಿನ ಸೂತ್ರದಲ್ಲಿ ಕೊನೆಯ ಕಂತಿನ ಜಾಗದಲ್ಲಿ 12 ಹಾಕಿದರೆ ಮೊದಲ ವರ್ಷದ ಬಡ್ಡಿ ಸುಮಾರು 41,635 ಎಂದು ಸಿಗುತ್ತದೆ. ಐದು ವರ್ಷದ ಒಟ್ಟು ಬಡ್ಡಿಯಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಮೊದಲ ವರ್ಷದಲ್ಲೇ ತೀರುತ್ತದೆ ಎಂಬುದು, ಸಾಲವನ್ನು ಅವಧಿಗೆ ಮುಂಚೆ ಮುಗಿಸಬೇಕೆಂದು ಯೋಚಿಸುವವರಿಗೆ ತಿಳಿದಿರಬೇಕಾದ ಸಂಗತಿ.

ನಿಮ್ಮ ಕೈಲೆಕ್ಕವನ್ನು ಪೂರ್ತಿ ತಳ್ಳಿಹಾಕುವುದು ಮಾತ್ರ ಬೇಡ. ಕೆಲವು ಸಾಲಗಳಲ್ಲಿ ಬಡ್ಡಿಯನ್ನು ನಿಜಕ್ಕೂ ಹಾಗೆಯೇ, ಪೂರ್ತಿ ಅವಧಿಗೆ ಪೂರ್ತಿ ಅಸಲಿನ ಮೇಲೆ ಹಾಕುತ್ತಾರೆ. ಇದನ್ನು ಫ್ಲಾಟ್ ದರ ಎನ್ನುತ್ತಾರೆ. ಸಾಲ ಕೊಡುವವರು ನಿಮಗೆ ಹೇಳಿರುವ ಕಂತು 10,379ರ ಬಳಿ ಇದ್ದರೆ ಅವರ 9% ಇಳಿಕೆ ಬಾಕಿಯ ಮೇಲಿನ ದರ, PMT ಅದಕ್ಕೆ ಸರಿಹೊಂದುತ್ತದೆ. ಅವರು ಹೇಳಿದ ಕಂತು 12,083ರ ಬಳಿ ಇದ್ದರೆ ಅದು ಫ್ಲಾಟ್ ದರ, ಮತ್ತು ಅಲ್ಲಿ ಬಡ್ಡಿ 2,25,000ವೇ ಆಗುತ್ತದೆ. ಹಾಗಿದ್ದಲ್ಲಿ ಇಳಿಕೆ ಬಾಕಿಯ ಲೆಕ್ಕದಲ್ಲಿ ಅದು ಎಷ್ಟು ದರಕ್ಕೆ ಸಮ ಎಂಬುದನ್ನು RATE ಹೇಳುತ್ತದೆ.

```
=RATE(B3*12, -12083.33, B1)*12
```

ಉತ್ತರ ಸುಮಾರು 15.7%. ಅದೇ ‘9%’ ಎಂಬ ಮಾತಿನ ಹಿಂದೆ ಇಷ್ಟು ಅಂತರ ಇರಬಹುದಾದ್ದರಿಂದ, ಎರಡು ಸಾಲಗಳನ್ನು ಹೋಲಿಸುವಾಗ ದರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದಕ್ಕಿಂತ, ಹೇಳಿದ ಕಂತುಗಳಿಂದ RATE ಮೂಲಕ ದರವನ್ನು ಹೊರತೆಗೆದು ನೋಡುವುದು ಹೆಚ್ಚು ನಂಬಲರ್ಹ.

ಇನ್ನು ಪೈಸೆಗಳ ವಿಷಯ. ಇದು ಚಿಕ್ಕದಾದರೂ ಮುಂದೆ ನಿಮ್ಮನ್ನು ಗೊಂದಲಕ್ಕೆ ಬೀಳಿಸುವುದು ಬಹುತೇಕ ಖಚಿತ. B5ರಲ್ಲಿ ದಶಮಾಂಶಗಳನ್ನು ಅಡಗಿಸಿ 10,379 ಎಂದು ಕಾಣುವಂತೆ ಮಾಡಿದರೂ ಸೆಲ್ಲಿನೊಳಗೆ 10,379.1776… ಹಾಗೆಯೇ ಇರುತ್ತದೆ, B6 ಅದನ್ನೇ ಬಳಸುತ್ತದೆ. ಆಗ ಹಾಳೆ ಬಡ್ಡಿಯನ್ನು 1,22,751 ಎಂದು ತೋರಿಸುತ್ತದೆ, ಕಾಣುವ ಕಂತನ್ನು ಕ್ಯಾಲ್ಕ್ಯುಲೇಟರಿನಲ್ಲಿ 60ರಿಂದ ಗುಣಿಸಿ ಅಸಲು ಕಳೆದರೆ 1,22,740 ಬರುತ್ತದೆ. ನಿಮ್ಮ ಸಾಲದ ಕಂತು ನಿಜಕ್ಕೂ ಇಡೀ ಸಂಖ್ಯೆಯಾಗಿದ್ದರೆ, ನೋಟವನ್ನು ಬದಲಿಸದೆ ಮೌಲ್ಯವನ್ನೇ ಬದಲಿಸಬೇಕು: `=ROUND(PMT(B2/12,B3*12,-B1),0)`. ಹಾಗೆ ಮಾಡಿದ ಮೇಲೆ ಅರವತ್ತು ಕಂತು ಕಟ್ಟಿದರೂ ಸಾಲ ಪೂರ್ತಿ ತೀರಿರುವುದಿಲ್ಲ, ಒಂದಿಷ್ಟು ಬಾಕಿ ಉಳಿಯುತ್ತದೆ. ಎಷ್ಟು ಎಂಬುದನ್ನು FV ತೋರಿಸುತ್ತದೆ.

```
B7:  =FV(B2/12, B3*12, B5, -B1)
B6:  =B5*B3*12 + B7 - B1
```

B5ರಲ್ಲಿ 10,379 ಇದ್ದರೆ B7ರಲ್ಲಿ 13.40 ಬರುತ್ತದೆ. ಪ್ರತಿ ತಿಂಗಳು ಬಿಟ್ಟ ಹದಿನೆಂಟು ಪೈಸೆಯಷ್ಟು ಕೊರತೆ, ಬಡ್ಡಿ ಸೇರಿ, ಕೊನೆಗೆ ಇಷ್ಟಾಗಿದೆ. ಇದನ್ನು ಕೊನೆಯ ಕಂತಿಗೆ ಸೇರಿಸಿ 10,392.40 ಕಟ್ಟಬೇಕು, ಮತ್ತು ಒಟ್ಟು ಬಡ್ಡಿ 1,22,753.40 ಆಗುತ್ತದೆ. ಕಂತನ್ನು ಮೇಲಕ್ಕೆ ಏರಿಸಿ 10,380 ಮಾಡಿದರೆ B7 ಮೈನಸ್ 62.03 ಆಗಿ ಕೊನೆಯ ಕಂತು ಅಷ್ಟು ಕಡಿಮೆಯಾಗುತ್ತದೆ. ಮರುಪಾವತಿಯ ಪಟ್ಟಿಗಳಲ್ಲಿ ಕೊನೆಯ ಸಾಲಿನ ಮೊತ್ತ ಉಳಿದವಕ್ಕಿಂತ ಬೇರೆ ಇರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಅವಧಿಯ ಸೆಲ್ಲಿನ ಬಗ್ಗೆ ಒಂದು ಮಾತು. B3ರಲ್ಲಿ ‘5 ವರ್ಷ’ ಎಂದು ಅಕ್ಷರ ಸೇರಿಸಿ ಬರೆದರೆ ಅದು ಪಠ್ಯವಾಗಿ `#VALUE!` ಬರುತ್ತದೆ. ಪಕ್ಕದಲ್ಲಿ ಪದ ಕಾಣಲೇಬೇಕೆಂದಿದ್ದರೆ ಸೆಲ್ಲಿನಲ್ಲಿ 5 ಮಾತ್ರ ಬರೆದು, ಸಂಖ್ಯೆಯ ಸ್ವರೂಪವನ್ನು `0" ವರ್ಷ"` ಎಂದು ಹೊಂದಿಸಿ. ಅವಧಿ 54 ತಿಂಗಳಂತೆ ಪೂರ್ಣ ವರ್ಷಗಳಲ್ಲಿ ಇರದ ಸಾಲಗಳೂ ನಿಮ್ಮ ಮುಂದೆ ಬರುವುದಾದರೆ, B3ರಲ್ಲಿ ತಿಂಗಳುಗಳನ್ನೇ ಬರೆದು ಎಲ್ಲ ಸೂತ್ರಗಳಿಂದ B3ರ ಪಕ್ಕದ `*12` ಅನ್ನು ತೆಗೆದುಹಾಕುವುದು ಒಳ್ಳೆಯದು. ಆಗ ಒಂದೇ ಒಂದು ಸೂತ್ರದಲ್ಲಿ ಅದು ಉಳಿದುಬಿಟ್ಟರೂ ಲೆಕ್ಕ ಕೆಡುತ್ತದೆ, ಆದ್ದರಿಂದ ಬದಲಾವಣೆಯ ನಂತರ CUMIPMT ತಾಳೆಯನ್ನು ಮತ್ತೊಮ್ಮೆ ನೋಡಿ.

ಹಾಳೆ ಸಿದ್ಧವಾದ ಮೇಲೆ B3ನ್ನು 5ರಿಂದ 7ಕ್ಕೆ ಬದಲಿಸಿ ನೋಡಿ. ಪೈಸೆ ಸರಿಪಡಿಸದ ಮೊದಲ ಸೂತ್ರದಲ್ಲಿ ಕಂತು 8,044.54ಕ್ಕೆ ಇಳಿಯುತ್ತದೆ, ಒಟ್ಟು ಬಡ್ಡಿ 1,75,741ಕ್ಕೆ ಏರುತ್ತದೆ. ತಿಂಗಳಿಗೆ 2,335ರಷ್ಟು ಹಗುರವಾಗುವುದಕ್ಕೆ ಒಟ್ಟಾರೆ 53,000ದಷ್ಟು ಹೆಚ್ಚು ಬಡ್ಡಿ ತೆರಬೇಕು. ಕಂತು ಮತ್ತು ಒಟ್ಟು ಬಡ್ಡಿ ಎರಡೂ ಸೆಲ್‌ಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಳ್ಳಲು ನಾನು ಹೇಳುವುದು ಇದಕ್ಕಾಗಿಯೇ, ಏಕೆಂದರೆ ಕಂತೊಂದನ್ನೇ ನೋಡಿದರೆ ಉದ್ದದ ಅವಧಿ ಯಾವಾಗಲೂ ಸುಲಭವಾಗಿ ಕಾಣುತ್ತದೆ.

ಈ ಎಲ್ಲ ಸೂತ್ರಗಳೂ ದರ ಅವಧಿಯುದ್ದಕ್ಕೂ ಒಂದೇ ಆಗಿರುತ್ತದೆ ಮತ್ತು ಎಲ್ಲ ತಿಂಗಳುಗಳೂ ಸಮಾನ ಎಂದು ಭಾವಿಸುತ್ತವೆ. ದಿನಗಳನ್ನು ಎಣಿಸಿ ಬಡ್ಡಿ ಹಾಕುವ ಸಾಲದಲ್ಲಿ 31 ದಿನದ ತಿಂಗಳ ಬಡ್ಡಿ ತುಸು ಹೆಚ್ಚು ಬರುತ್ತದೆ, ಆದ್ದರಿಂದ ಸಣ್ಣ ವ್ಯತ್ಯಾಸಗಳು ಸಹಜ. ನಡುವೆ ದರ ಬದಲಾದರೆ, ಆ ದಿನದ ಬಾಕಿ ಅಸಲನ್ನು B1ರಲ್ಲೂ, ಹೊಸ ದರವನ್ನು B2ರಲ್ಲೂ, ಉಳಿದ ಅವಧಿಯನ್ನು B3ರಲ್ಲೂ ಹಾಕಿದರೆ ಅಲ್ಲಿಂದ ಮುಂದಿನ ಕಂತು ಮತ್ತು ಬಡ್ಡಿ ಸಿಗುತ್ತವೆ; ಅದುವರೆಗೆ ಕಟ್ಟಿದ ಬಡ್ಡಿಯನ್ನು ಅದಕ್ಕೆ ಬೇರೆಯಾಗಿ ಕೂಡಿಸಿಕೊಳ್ಳಬೇಕು.